ಗೋಳಿಬಜೆಯ ಜಿಡ್ಡು: ಎಡ ಲೆನ್ಸಿಗೊಂದು ಮದ್ದು, ಬಲ ಲೆನ್ಸಿಗೊಂದು

ಉಡುಪಿಯ ಕಲ್ಸಂಕದ ಹತ್ತಿರ ನಮ್ಮದೊಂದು ಸಣ್ಣ ಕ್ಯಾಂಟೀನ್ ಉಂಟು. ಸಂಜೆ ನಾಲ್ಕಕ್ಕೆ ಗೋಳಿಬಜೆಗೆ ಬಾಣಲೆ ಇಟ್ಟರೆ ಏಳರವರೆಗೆ ಇಳಿಸುವ ಮಾತೇ ಇಲ್ಲ. ಆ ಮೂರು ಗಂಟೆ ನಾನು ಬಾಣಲೆಯ ಎದುರೇ ನಿಂತಿರುತ್ತೇನೆ. ಏಳಕ್ಕೆ ಕನ್ನಡಕ ತೆಗೆದು ಬೆಳಕಿಗೆ ಹಿಡಿದರೆ ಬಟರ್ ಪೇಪರ್ ಹಾಗೆ ಕಾಣುತ್ತದೆ. ಎಣ್ಣೆಯ ಹಬೆ, ಬೆವರು, ಮೂಗಿನ ಜಿಡ್ಡು ಎಲ್ಲಾ ಸೇರಿ ಒಂದು ಪೊರೆ.

ಹೋದ ವರ್ಷದವರೆಗೆ ನಾನು ಅದನ್ನು ಹೆಗಲ ಮೇಲಿನ ಬೈರಾಸಿನಲ್ಲೇ ಒರೆಸುತ್ತಿದ್ದೆ. ನನ್ನ ಅಪ್ಪ ಮಾಡುತ್ತಿದ್ದದ್ದೂ ಅದೇ. ಅವರದ್ದು ಪಂಚೆಯ ಅಂಚು, ಅಷ್ಟೇ ವ್ಯತ್ಯಾಸ. ಆದರೆ ಅಪ್ಪನ ಕನ್ನಡಕ ನಿಜವಾದ ಗಾಜಿನದ್ದು. ಹೇಗೆ ಉಜ್ಜಿದರೂ ತಡೆಯುತ್ತಿತ್ತು. ನನ್ನದು ಪ್ಲಾಸ್ಟಿಕ್, ಅದರ ಮೇಲೆ ಕೋಟಿಂಗ್. ಎರಡು ವರ್ಷ ಬೈರಾಸು ಹಾಕಿದ್ದಕ್ಕೆ ನಡುವೆ ಕೂದಲೆಳೆಯಂಥ ಗೀರುಗಳು ಬಿದ್ದವು. ರಾತ್ರಿ ಸ್ಕೂಟರಿನಲ್ಲಿ ಹೋಗುವಾಗ ಎದುರಿನ ಲೈಟೆಲ್ಲ ನಕ್ಷತ್ರದ ಹಾಗೆ ಒಡೆದು ಕಾಣಲು ಶುರುವಾಯಿತು.

ಹೊಸದು ಮಾಡಿಸಲು ಹೋದಾಗ ಅಂಗಡಿಯವರು ಒಂದು ಮಾತು ಹೇಳಿದರು. "ಗೀರು ಬಿಡಿ ಮಾರಾಯ್ರೇ, ಇದರ ಮೇಲೆ ಮೂರು ಬಗೆಯ ಪದರ ಉಂಟು, ನೀವು ಮೇಲಿನದ್ದನ್ನು ಪೂರ್ತಿ ತಿಂದಿದ್ದೀರಿ." ಪ್ಲಾಸ್ಟಿಕ್ ಮೇಲೆ ಮೊದಲು ಗೀರು ತಡೆಯುವ ಗಟ್ಟಿ ಪದರ. ಅದರ ಮೇಲೆ ಪ್ರತಿಫಲನ ತಗ್ಗಿಸುವ ಪದರಗಳು, ಟ್ಯೂಬ್‌ಲೈಟ್ ಹಸಿರಾಗಿ ಕಾಣುವುದು ಇದರಿಂದ. ಎಲ್ಲಕ್ಕಿಂತ ಮೇಲೆ ನೀರು ಮತ್ತು ಎಣ್ಣೆಯನ್ನು ಹತ್ತಿರ ಬಿಡದ, ಕಣ್ಣಿಗೆ ಕಾಣದಷ್ಟು ತೆಳು ಪದರ. ಮೊದಲು ಸಾಯುವುದು ಈ ಕೊನೆಯದ್ದೇ. ಅದು ಹೋದರೆ ಕನ್ನಡಕ ಒಡೆಯುವುದಿಲ್ಲ, ಸುಮ್ನೆ ಜಾಸ್ತಿ ಜಿಡ್ಡು ಹಿಡಿಯುತ್ತದೆ. ಜಿಡ್ಡು ಜಾಸ್ತಿ ಅಂತ ನಾವು ಇನ್ನೂ ಜೋರಾಗಿ ಉಜ್ಜುತ್ತೇವೆ.

ಹೊಸದು ಬಂದ ಆರು ತಿಂಗಳಿಗೆ ನಂಬರ್ ಸ್ವಲ್ಪ ಬದಲಾಗಿ ಇನ್ನೊಂದು ಮಾಡಿಸಬೇಕಾಯಿತು. ಕೋಟಿಂಗ್ ಚೆನ್ನಾಗಿದ್ದ ಹಿಂದಿನ ಜೋಡಿ ಕೈಯಲ್ಲಿ ಉಳಿಯಿತು. ಕ್ಯಾಂಟೀನಿಗೆ ಅದೇ ಸಾಕು ಅಂತ ಹಾಕಿಕೊಂಡೆ. ಆಗ ತಲೆಗೆ ಹೊಳೆಯಿತು: ಎಡಕ್ಕೆ ಒಂದು, ಬಲಕ್ಕೆ ಒಂದು ಮಾಡಿ ನೋಡಿದರೆ ಹೇಗೆ? ಜಿಡ್ಡು ಎರಡಕ್ಕೂ ಒಂದೇ, ಬಾಣಲೆ ಒಂದೇ, ಮೂಗೂ ಒಂದೇ ಅಲ್ವಾ.

ಎಡ ಲೆನ್ಸಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ನಲ್ಲಿ ನೀರು. ಬಲ ಲೆನ್ಸಿಗೆ ಶೋಕೇಸ್ ಗಾಜು ಒರೆಸಲು ನಾವು ಇಟ್ಟುಕೊಂಡಿದ್ದ ನೀಲಿ ಸ್ಪ್ರೇ, ಬಾಟಲಿಯ ಮೇಲೆ ಅಮೋನಿಯಾ ಅಂತ ಬರೆದಿದ್ದಂಥದ್ದು. ಎರಡಕ್ಕೂ ಬೇರೆ ಬೇರೆ ಬಟ್ಟೆ. ದಿನಕ್ಕೊಮ್ಮೆ, ಅಂಗಡಿ ಮುಚ್ಚುವಾಗ, ಎಂಟು ವಾರ.

ಮೊದಲ ದಿನಗಳಲ್ಲಿ ಗೆದ್ದದ್ದು ನೀಲಿ ಸ್ಪ್ರೇಯೇ, ಸುಳ್ಳು ಹೇಳುವುದಿಲ್ಲ. ಬಟ್ಟೆಗೆ ಎರಡು ಸಲ ಹೊಡೆದು ಒರೆಸಿದರೆ ಲೆನ್ಸ್ ಪಳಪಳ. ಎಡ ಲೆನ್ಸಿಗೆ ನಲ್ಲಿಯ ಹತ್ತಿರ ಹೋಗಬೇಕು, ತೊಳೆಯಬೇಕು, ಒಣಗಿಸಬೇಕು. ನನ್ನ ಹೆಂಡತಿ ನೋಡಿ, "ಒಂದು ಕಣ್ಣಿಗೆ ಅಭ್ಯಂಜನ, ಇನ್ನೊಂದಕ್ಕೆ ಪೌಡರ್" ಎಂದು ನಗಾಡಿದಳು.

ಐದನೇ ವಾರದಲ್ಲಿ ವ್ಯತ್ಯಾಸ ಬಂತು. ತೊಳೆದ ಲೆನ್ಸುಗಳನ್ನು ಮೇಜಿನ ಮೇಲೆ ಮಲಗಿಸಿ, ಬೆರಳಿನಿಂದ ಒಂದೊಂದು ಹನಿ ನೀರು ಬಿಟ್ಟೆ. ಎಡದ ಮೇಲೆ ಹನಿ ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಉರುಟಾಗಿ ನಿಂತಿತು, ಸ್ವಲ್ಪ ಓರೆ ಮಾಡಿದರೆ ಉರುಳಿ ಹೋಯಿತು. ಬಲದ ಮೇಲೆ ಹನಿ ಚಪ್ಪಟೆಯಾಗಿ ಹರಡಿತು, ಓರೆ ಮಾಡಿದರೆ ಹಿಂದೆ ಒದ್ದೆ ಗೆರೆ ಬಿಟ್ಟುಕೊಂಡು ಜಾರಿತು. ಎಂಟನೇ ವಾರಕ್ಕೆ ಬಲದಲ್ಲಿ ಬೆರಳಚ್ಚು ಬಿದ್ದರೆ ಒಂದು ಒರೆಸಿಗೆ ಹೋಗುತ್ತಲೇ ಇರಲಿಲ್ಲ. ಹಸಿರು ಹೊಳಪು ಮಾತ್ರ ಎರಡರಲ್ಲೂ ಹಾಗೇ ಇತ್ತು. ಅಂದರೆ ಹೋದದ್ದು ಮೇಲಿನ ತೆಳು ಪದರ, ಕೆಳಗಿನವು ಇನ್ನೂ ಉಂಟು.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲಾ ತಪ್ಪನ್ನೂ ಅಮೋನಿಯಾದ ತಲೆಗೆ ಕಟ್ಟಲು ಆಗುವುದಿಲ್ಲ. ಎಡ ಲೆನ್ಸನ್ನು ನಾನು ತೊಳೆದು ಮೆಲ್ಲಗೆ ಒತ್ತಿ ಒಣಗಿಸುತ್ತಿದ್ದೆ. ಬಲವನ್ನು ಉಜ್ಜುತ್ತಿದ್ದೆ. ಸ್ಪ್ರೇ ಹೊಡೆದು ಒರೆಸುವ ಕ್ರಮದಲ್ಲಿ ಮೈದಾ ಹುಡಿ, ರಸ್ತೆಯ ಧೂಳು ಎಲ್ಲ ಲೆನ್ಸಿನ ಮೇಲೇ ಉಳಿದು ಬಟ್ಟೆಯ ಜೊತೆ ತಿರುಗುತ್ತದೆ. ನೀರಿನಲ್ಲಾದರೆ ಅದು ಮೊದಲೇ ಹರಿದು ಹೋಗುತ್ತದೆ. ನನ್ನ ಲೆಕ್ಕದಲ್ಲಿ ಇಬ್ಬರೂ ಪಾಲುದಾರರು. ಅಮೋನಿಯಾ ಇಲ್ಲದ ಗಾಜಿನ ಸ್ಪ್ರೇ ತಂದರೂ ಉಜ್ಜುವ ಪಾಲು ಹಾಗೇ ಉಳಿಯುತ್ತದೆ.

ಎಡ ಲೆನ್ಸಿಗೂ ಮೊದಲು ಒಂದು ತಕರಾರು ಇತ್ತು. ಎರಡನೇ ವಾರ ಪ್ರತಿದಿನ ತೊಳೆದರೂ ಒರೆಸಿದ ಮೇಲೆ ಮತ್ತೆ ಮಸುಕು. ಲಿಕ್ವಿಡ್ ಬದಲಾಯಿಸಿದೆ, ನೀರು ಜಾಸ್ತಿ ಹಾಕಿದೆ, ಇಲ್ಲ. ಕೊನೆಗೆ ಒರೆಸದೆ ಹಾಗೇ ಗಾಳಿಗೆ ಒಣಗಲು ಬಿಟ್ಟೆ. ನೀರಿನ ಚುಕ್ಕೆ ಉಳಿಯಿತು, ಆದರೆ ಮಸುಕು ಇಲ್ಲ! ಕಳ್ಳ ಬಟ್ಟೆಯೇ. ಕನ್ನಡಕದ ಡಬ್ಬಿಯ ಜೊತೆ ಬಂದ ಆ ಮೈಕ್ರೋಫೈಬರ್ ತುಂಡನ್ನು ಒಮ್ಮೆಯೂ ತೊಳೆದಿರಲಿಲ್ಲ. ಅಷ್ಟು ದಿನದ ಎಣ್ಣೆಯನ್ನು ಅದು ಲೆನ್ಸಿಗೆ ವಾಪಸ್ ಕೊಡುತ್ತಿತ್ತು. ಅದೇ ಲಿಕ್ವಿಡ್‌ನಲ್ಲಿ ತೊಳೆದು ಮೂರು ಸಲ ಜಾಲಿಸಿದೆ. ಮೊದಲ ನೀರು ಚಹಾದ ಬಣ್ಣಕ್ಕೆ ತಿರುಗಿತು. ಈಗ ವಾರಕ್ಕೊಮ್ಮೆ ತೊಳೆಯುತ್ತೇನೆ. ಬಟ್ಟೆ ಮೆತ್ತಗೆ ಮಾಡುವ ಕಂಡೀಷನರ್‌ಗೆ ಮಾತ್ರ ಹಾಕಬಾರದು, ಅದೇ ಒಂದು ಪೊರೆ ಬಿಡುತ್ತದೆ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲು ಕೈ ತೊಳೆಯಬೇಕು, ಇಲ್ಲದಿದ್ದರೆ ಗೋಳಿಬಜೆಯ ಕೈಯಲ್ಲೇ ಎಣ್ಣೆ ತೆಗೆಯಲು ಹೊರಟ ಹಾಗೆ. ನಲ್ಲಿಯನ್ನು ಸಣ್ಣಗೆ ಬಿಟ್ಟು ಲೆನ್ಸಿನ ಎರಡೂ ಬದಿಗೆ ಹತ್ತು ಎಣಿಸುವಷ್ಟು ನೀರು. ಧೂಳು ಹೋಗುವುದು ಇಲ್ಲಿ, ಆದ್ದರಿಂದ ಇದನ್ನು ಬಿಡಬಾರದು. ಆಮೇಲೆ ಬೆರಳ ತುದಿಗೆ ಒಂದು ಚಿಕ್ಕ ಹನಿ ಲಿಕ್ವಿಡ್, ಎರಡು ಲೆನ್ಸಿಗೂ ಸೇರಿ. ಬೆರಳಿನ ಮೆತ್ತನೆ ಭಾಗದಲ್ಲಿ ಸುತ್ತಲೂ ಹಚ್ಚಬೇಕು. ಮೂಗಿನ ಪ್ಯಾಡು, ಲೆನ್ಸ್ ಮತ್ತು ಫ್ರೇಮ್ ಸೇರುವ ಸಂದು, ಕಿವಿಯ ಕಡ್ಡಿ, ಇವನ್ನೂ ಬಿಡಬಾರದು. ಜಿಡ್ಡಿನ ಗೋದಾಮು ಇರುವುದು ಈ ಸಂದಿನಲ್ಲಿ. ಲೆನ್ಸ್ ಮಾತ್ರ ತೊಳೆದರೆ ಅದು ಅರ್ಧ ಗಂಟೆಯಲ್ಲಿ ಹೊರಗೆ ಹರಿದು ಬರುತ್ತದೆ. ಮತ್ತೆ ಚೆನ್ನಾಗಿ ನೀರು, ಬೆರಳಿಗೆ ಜಾರು ಹತ್ತದವರೆಗೆ. ಒಂದೆರಡು ಸಲ ಕೊಡವಿ, ಉಳಿದ ಹನಿಗಳನ್ನು ತೊಳೆದ ಬಟ್ಟೆಯಿಂದ ಒತ್ತಿ ತೆಗೆದರೆ ಮುಗಿಯಿತು. ಒಟ್ಟು ಒಂದು ನಿಮಿಷ.

ಲಿಕ್ವಿಡ್ ಅಂದರೆ ಲಿಕ್ವಿಡ್ಡೇ. ಪಾತ್ರೆಯ ಸೋಪು ಬಿಲ್ಲೆ ಬೇಡ. ಬೆರಳಲ್ಲಿ ತಿಕ್ಕಿದರೆ ನುಣ್ಣನೆ ಹುಡಿ ಸಿಗುತ್ತದಲ್ಲ, ತಳ ಹಿಡಿದ ಪಾತ್ರೆಗೆ ಅದು ಬೇಕು, ಲೆನ್ಸಿಗೆ ಅದು ಮರಳುಕಾಗದ. ಮೈ ಸೋಪಿನಲ್ಲಿ ತೊಳೆದರೆ ಹಾನಿ ಇಲ್ಲ, ಆದರೆ ಅದರಲ್ಲಿರುವ ಎಣ್ಣೆಯ ಅಂಶ ತೆಳುವಾಗಿ ಉಳಿಯುತ್ತದೆ, ಮತ್ತೆ ಮಸುಕು. ಕೈ ಮೆತ್ತಗೆ ಇಡುತ್ತದೆ ಎನ್ನುವ ಲಿಕ್ವಿಡ್‌ಗೂ ಅದೇ ಕತೆ. ಹಲ್ಲಿನ ಪೇಸ್ಟಿನಿಂದ ಗೀರು ಹೋಗುತ್ತದೆ ಎಂದು ನಂಬಿದವರು ನಮ್ಮ ಓಣಿಯಲ್ಲೇ ಇದ್ದಾರೆ. ಹೋಗುವುದು ಕೋಟಿಂಗ್.

ಬಿಸಿ ನೀರಿನ ಪಾಠ ನನಗೆ ಬೇರೆ ಕನ್ನಡಕದಲ್ಲಿ ಆಗಿತ್ತು. ಎಣ್ಣೆಗೆ ಬಿಸಿ ನೀರೇ ಒಳ್ಳೆಯದು ಎಂದು ಗೀಸರಿನ ಸುಡು ನೀರಿಗೆ ಹಿಡಿದಿದ್ದೆ. ಬಿಸಿಗೆ ಪ್ಲಾಸ್ಟಿಕ್ ಜಾಸ್ತಿ ಹಿಗ್ಗುತ್ತದೆ, ಮೇಲಿನ ಪದರ ಅಷ್ಟು ಹಿಗ್ಗುವುದಿಲ್ಲ. ಬಿರುಕು ಬಿಡುತ್ತದೆ. ಟ್ಯೂಬ್‌ಲೈಟಿಗೆ ಓರೆ ಹಿಡಿದರೆ ಬೇಸಿಗೆಯ ಗದ್ದೆಯ ಹಾಗೆ ಸಣ್ಣ ಸಣ್ಣ ಬಿರುಕುಗಳ ಬಲೆ ಕಾಣುತ್ತಿತ್ತು. ಬೆರಳಿಗೆ ಏನೂ ಸಿಗುವುದಿಲ್ಲ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೂ ಇದೇ ಗತಿ. ತಣ್ಣೀರು ಅಥವಾ ಉಗುರು ಬೆಚ್ಚಗಿನದ್ದು, ಅಷ್ಟೇ.

ಅಂಗಡಿಯಲ್ಲಿ ಸಿಗುವ ಲೆನ್ಸ್ ಸ್ಪ್ರೇ ಕೂಡ ಒಂದು ಬಾಟಲಿ ಮುಗಿಸಿ ನೋಡಿದೆ, ಇದು ಹೊಸ ಜೋಡಿಗೆ. ಬೆರಳಚ್ಚಿಗೆ, ಹಗುರ ಜಿಡ್ಡಿಗೆ ಒಳ್ಳೆಯದೇ. ಗೋಳಿಬಜೆಯ ಪೊರೆಗೆ ಸಾಲದು. ಎರಡು ಮೂರು ಸಲ ಹೊಡೆಯಬೇಕು, ಬಾಟಲಿ ಬೇಗ ಖಾಲಿ. ಆಫೀಸಿನಲ್ಲಿ ಕೂರುವವರಿಗೆ ಸಾಕಾದೀತು. ಸ್ಪಿರಿಟಿನ ಒದ್ದೆ ವೈಪ್ಸ್ ಪ್ರಯಾಣಕ್ಕೆ ಆಗುತ್ತದೆ, ಲೆನ್ಸಿಗೇ ಎಂದು ಬರೆದಿದ್ದರೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇರೆ ಸಾಮಾನು. ಅದರಲ್ಲಿ ಜೆಲ್, ಗ್ಲಿಸರಿನ್ ಎಲ್ಲ ಇದ್ದು ಅಂಟಂಟು ಬಿಡುತ್ತದೆ. ಕೊರೋನಾದ ಸಮಯದಲ್ಲಿ ಅದರಲ್ಲೇ ಒರೆಸಿ ಒರೆಸಿ ನನ್ನ ಕಪ್ಪು ಫ್ರೇಮಿನ ಕಡ್ಡಿ ಅಲ್ಲಲ್ಲಿ ಬೆಳ್ಳಗಾಗಿತ್ತು.

ಕೊನೆಗೆ ಮಗಳು ಒಂದು ದಿನ ಉಗುರು ಬಣ್ಣ ತೆಗೆಯುವ ಬಾಟಲಿ ಹಿಡಿದು ಬಂದಳು. "ಅಪ್ಪ, ಇದರಲ್ಲಿ ಎಂತಹ ಕಲೆಯೂ ಹೋಗ್ತದೆ, ನೋಡುವನಾ?" ಮೂಲೆಯಲ್ಲಿ ಬಿದ್ದಿದ್ದ ಅವಳದ್ದೇ ಹಳೆಯ ಶಾಲೆಯ ಕನ್ನಡಕ ತಂದೆವು, ಪಾಲಿಕಾರ್ಬೊನೇಟ್ ಲೆನ್ಸಿನದ್ದು, ಅಂಚಿನಲ್ಲಿ ಕೋಟಿಂಗ್ ಎದ್ದುಹೋಗಿದ್ದದ್ದು. ಹತ್ತಿಯಲ್ಲಿ ಅದ್ದಿ ಆ ಅಂಚಿಗೆ ಒಮ್ಮೆ ಒತ್ತಿದಳು. ಅಸಿಟೋನ್ ತಾಗಿದಲ್ಲಿ ಲೆನ್ಸ್ ಗಂಜಿ ನೀರಿನ ಹಾಗೆ ಬೆಳ್ಳಗಾಯಿತು, ಬೆರಳಿಗೆ ಸ್ವಲ್ಪ ಅಂಟಿತು ಕೂಡ. ತೊಳೆದರೂ ಹೋಗಲಿಲ್ಲ. ಕೋಟಿಂಗ್ ಮಾತಲ್ಲ ಅದು, ಲೆನ್ಸೇ ಕರಗಿದ್ದು. ಎಲ್ಲಾ ಪ್ಲಾಸ್ಟಿಕ್ ಹೀಗೆ ಕರಗುವುದಿಲ್ಲ, ಆದರೆ ನಮ್ಮ ಲೆನ್ಸ್ ಯಾವ ಪ್ಲಾಸ್ಟಿಕ್ ಎಂದು ಎಷ್ಟು ಜನರಿಗೆ ಗೊತ್ತುಂಟು?

ಭಾನುವಾರ ಮಲ್ಪೆ ಬೀಚಿಗೆ ಹೋದರೆ ಮಾತ್ರ ನನ್ನ ಕ್ರಮ ಸ್ವಲ್ಪ ಕೈಕೊಡುತ್ತದೆ. ಅಲ್ಲಿ ಲೆನ್ಸಿಗೆ ಹಿಡಿಯುವುದು ಉಪ್ಪು ಗಾಳಿ ಮತ್ತು ಮರಳಿನ ಹುಡಿ. ಒಣ ಬಟ್ಟೆ ತಾಗಿಸಿದರೆ ಗೀರು ಖಂಡಿತ. ಹಾಗಾಗಿ ಕುಡಿಯುವ ನೀರಿನ ಬಾಟಲಿಯಿಂದಲೇ ಸ್ವಲ್ಪ ಹೊಯ್ದುಕೊಂಡು, ಕೊಡವಿ, ಅರೆ ಒದ್ದೆಯಲ್ಲೇ ಹಾಕಿಕೊಂಡು ಮನೆಗೆ ಬರುತ್ತೇನೆ. ದಾರಿಯುದ್ದಕ್ಕೂ ಚುಕ್ಕೆ ಚುಕ್ಕೆ ಕಾಣುತ್ತದೆ, ಹೆಂಡತಿ ಹಿಂದಿನಿಂದ "ಬೈರಾಸು ಕೊಡಲಾ" ಎಂದು ಕೇಳುತ್ತಲೇ ಇರುತ್ತಾಳೆ.