ಬ್ಯಾಚ್ ಆ್ಯಪ್ ಒಂದೂವರೆ ವರ್ಷ: ಬಾಣಲೆಯ ಹಳೇ ಎಣ್ಣೆ ಅದಕ್ಕೆ ಕಾಣ್ಲೇ ಇಲ್ಲ

ಬದಿಯಡ್ಕದ ಹತ್ರ ನಮ್ದು ನೇಂದ್ರ ಚಿಪ್ಸಿನ ಸಣ್ಣ ಕೆಲಸ, ದಿನಕ್ಕೆ 15 ಕಿಲೊ, 200 ಗ್ರಾಮಿನ 75 ಪ್ಯಾಕೆಟ್. ಪ್ಯಾಕೆಟಿನ ಮೇಲೆ ಬ್ಯಾಚ್ ನಂಬರ್ ಕಡ್ಡಾಯ, ಮೊದ್ಲು ಬರೀ ತಾರೀಕಿನ ಸೀಲು ಹೊಡೀತಿದ್ವಿ. ಈಗ ಬೆಳಿಗ್ಗೆ ಎಣ್ಣೆ ಟಿನ್ನಿನ ಲಾಟ್ ನಂಬರ್ ಆ್ಯಪಲ್ಲಿ ಟೈಪ್ ಮಾಡಿದ್ರೆ ಪ್ರಿಂಟರಿಂದ ಟಿರ್ರ್ ಅಂತ ಲೇಬಲ್ ಸುರುಳಿ ಬರ್ತದೆ, ಅತ್ತಿಗೆ ಚಾ ಕುಡೀತಾ ಅಂಟಿಸ್ತಾರೆ. ಯಾವ ಅಂಗಡಿಗೆ ಯಾವ ಬ್ಯಾಚ್ ಹೋಯ್ತು ಅಂತ ಬಿಲ್ಲಲ್ಲೇ ಬೀಳ್ತದೆ. ಭಾರೀ ಖುಷಿ ಇತ್ತು.

ಆಮೇಲೆ ಎಣ್ಣೆಯವ್ರ ಫೋನ್ ಬಂತು, ಒಂದು ಲಾಟಿನ ತೆಂಗಿನೆಣ್ಣೆ ಕಮಟು ಬಂದಿದೆ, ಬಳಸ್ಬೇಡಿ ಅಂತ. ನಮ್ಮಲ್ಲಿ ಆ ಲಾಟಿನ 15 ಕಿಲೊದ ಒಂದು ಟಿನ್ ಖಾಲಿಯೇ ಆಗಿತ್ತು. ಆ್ಯಪಲ್ಲಿ ಹುಡುಕಿದೆ: ಮಂಗಳವಾರ, ಬುಧವಾರ, ಗುರುವಾರ, ಮೂರು ಬ್ಯಾಚ್, 225 ಪ್ಯಾಕೆಟ್. ಅರ್ಧ ಗಂಟೆಯಲ್ಲಿ ಕುಂಬಳೆ, ಉಪ್ಪಳ, ಪುತ್ತೂರಿನ ಅಂಗಡಿಗಳಿಗೆಲ್ಲ ಫೋನ್ ಮಾಡಿ ಮಾರುದು ನಿಲ್ಲಿಸಿದೆ, ಎಷ್ಟು ಹೆಮ್ಮೆ ಅಂತೀರಿ. ಮಾರನೇ ದಿನ ಕುಂಬಳೆಯವ್ರು ಹೇಳ್ತಾರೆ, ಶುಕ್ರವಾರದ ಪ್ಯಾಕೆಟಿಗೂ ಅದೇ ವಾಸನೆ!

ಎಂತ ಆದದ್ದು ಅಂದ್ರೆ, ನಾವು ಬಾಣಲೆ ದಿನಾ ಖಾಲಿ ಮಾಡುದಿಲ್ಲ ಮಾರಾಯ್ರೆ. ಸೋಮವಾರ ಹೊಸ ಎಣ್ಣೆ, ಚಿಪ್ಸ್ ದಿನಕ್ಕೆ ಐದು ಕಿಲೊ ಎಳ್ಕೊಳ್ತದೆ, ಅಷ್ಟನ್ನೇ ಮರುದಿನ ಮೇಲಿಂದ ಹೊಯ್ಯುದು, ಶನಿವಾರ ಸಂಜೆ ಪೂರ್ತಿ ತೆಗೆದು ತೊಳೆಯುದು. ಶುಕ್ರವಾರ ಬೇರೆ ಟಿನ್ ಹೊಯ್ದದ್ದು ನಿಜ, ಆದ್ರೆ ಬಾಣಲೆಯಲ್ಲಿ ಉಳಿದ ಹಳೇ ಎಣ್ಣೆ ಅದರೊಟ್ಟಿಗೆ ಬೆರೀತು. ಆ್ಯಪ್ ನೋಡುದು ಆವತ್ತು ಒಡೆದ ಟಿನ್ ಮಾತ್ರ. ಶನಿವಾರದ್ದೂ ಸೇರಿ ಐದು ಬ್ಯಾಚ್, 375 ಪ್ಯಾಕೆಟ್ ವಾಪಸ್ ಕರೀಬೇಕಿತ್ತು. ಸೋಮವಾರದ್ದು ಮಾತ್ರ ಬಚಾವ್. 231 ಬಂತು, ಉಳಿದದ್ದು ಯಾರೋ ತಿಂದಾಗಿತ್ತು, ಅಂಗಡಿಯಿಂದ ಆಚೆ ಯಾರ ಮನೆಗೆ ಹೋಯ್ತು ಅಂತ ಯಾವ ಆ್ಯಪೂ ಹೇಳ್ಲಿಕ್ಕಿಲ್ಲ.

ಅವತ್ತು ಒಂದು ಸ್ಟಾರ್ ಕೊಟ್ಟು ಬಿಡ್ತಿದ್ದೆ. ತಣ್ಣಗಾದ ಮೇಲೆ ದಾರಿ ಸಿಕ್ತು: ಉಳಿದ ಎಣ್ಣೆಯನ್ನೇ "ಬಾಣಲೆ ಎಣ್ಣೆ" ಅಂತ ಅರ್ಧ ತಯಾರಾದ ಸಾಮಾನಿನ ಲೆಕ್ಕಕ್ಕೆ ಸೇರಿಸ್ಬಹುದು. ಸಂಜೆ ಅದು ಆ ದಿನದ ಬ್ಯಾಚಿಂದ ಹೊರಗೆ ಬರ್ತದೆ, ಬೆಳಿಗ್ಗೆ ಹೊಸ ಟಿನ್ನಿನೊಟ್ಟಿಗೆ ಒಳಗೆ ಹೋಗ್ತದೆ. ಎರಡೇ ನಿಮಿಷ ಜಾಸ್ತಿ. ಹಳೇ ವಾರವನ್ನೇ ಹಾಗೆ ತುಂಬಿಸಿ ನೋಡಿದೆ, ಐದೂ ಬ್ಯಾಚ್ ಸರಿಯಾಗಿ ಬಂತು.

ಒಂದೇ ರಗಳೆ, ಬಾಣಲೆ ತೊಳೆದ ದಿನ ಆ ಲೆಕ್ಕ ಸೊನ್ನೆ ಮಾಡ್ಲೇಬೇಕು. ಮರೆತ್ರೆ ಸರಪಳಿ ಮುಂದಿನ ವಾರಕ್ಕೂ ಹೋಗಿ, ಒಂದು ಟಿನ್ ಕೆಟ್ಟದ್ದಕ್ಕೆ ಒಳ್ಳೇ ಚಿಪ್ಸನ್ನೂ ವಾಪಸ್ ತರಿಸ್ಬೇಕಾಗ್ತದೆ. ಕಳೆದ ತಿಂಗಳು ಮರೆತೇ ಬಿಟ್ಟೆ, ಆ್ಯಪ್ ಒಂದು ಮಾತೂ ಕೇಳ್ಲಿಲ್ಲ. ಈಗ ಶನಿವಾರ ಅತ್ತಿಗೆ ಬಾಣಲೆ ಉಜ್ಜಿ ಕವುಚಿ ಹಾಕಿ "ಸೊನ್ನೆ ಮಾಡಿದ್ಯಾ?" ಅಂತ ಕೇಳಿಯೇ ಕೈ ಒರೆಸ್ಕೊಳ್ಳುದು. ತಿಂಗಳಿಗೆ 450 ಕೊಟ್ಟ ಆ್ಯಪ್ ಕೇಳ್ಬೇಕಾದ ಪ್ರಶ್ನೆ ಅದು, ಮೂರೂವರೆ ಸ್ಟಾರ್ ಸಾಕು.