ಹಾಲಿನ ಕ್ಯಾನ್ ಕಲಿಸಿದ ಕಣ್ಣಳತೆ: ಲೂಸಿಡ್ ಐಕಾನ್‌ಗಳೊಂದಿಗೆ ಮೂರು ವರ್ಷ

ನಮ್ಮ ಭಾಗದ ಒಂದು ಹಾಲು ಉತ್ಪಾದಕರ ಸಹಕಾರ ಸಂಘಕ್ಕಾಗಿ ಸಣ್ಣದೊಂದು ಆ್ಯಪ್ ಮಾಡಿ, ಮೂರು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಹಾಕಿದ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಬಟವಾಡೆ ಯಾವಾಗ ಎಂಬುದು ಸದಸ್ಯರಿಗೆ ಮೊಬೈಲ್‌ನಲ್ಲೇ ಕಾಣುತ್ತದೆ. ಅದರ ಐಕಾನ್‌ಗಳೆಲ್ಲ ಲೂಸಿಡ್ ಸಂಗ್ರಹದವು. ಫೆದರ್ ಎಂಬ ಹಳೆಯ ಸಂಗ್ರಹದಿಂದ 2020ರಲ್ಲಿ ಕವಲೊಡೆದ ಮುಕ್ತ ಯೋಜನೆ ಅದು. ಬಳಸಲು ಹಣ ಕೊಡಬೇಕಿಲ್ಲ. ಸಂಗ್ರಹದಲ್ಲಿ ಎಷ್ಟು ಚಿತ್ರಗಳಿವೆ ಎಂಬುದಕ್ಕಿಂತ, ಅದರಲ್ಲಿ ಇಲ್ಲದ ಚಿತ್ರವೊಂದನ್ನು ನಾವೇ ಸೇರಿಸಿದಾಗ ಅದು ಹೇಗೆ ಹೊಂದಿಕೊಳ್ಳುತ್ತದೆ ಎಂಬುದರ ಬಗ್ಗೆ ಬರೆಯಬೇಕೆನಿಸಿತು. ನನ್ನ ಹೆಚ್ಚಿನ ಸಮಯ ಹೋದದ್ದು ಅಲ್ಲಿಯೇ.

ಲೂಸಿಡ್‌ನಲ್ಲಿ `milk` ಎಂಬ ಐಕಾನ್ ಇದೆ, ಆದರೆ ಅದು ಬಾಟಲಿ. ದಿನಾ ಕ್ಯಾನ್ ಹಿಡಿದು ಡೈರಿಗೆ ಬರುವವರು ಅದನ್ನು ಔಷಧಿಯ ಶೀಷೆ ಎಂದುಕೊಂಡರು. ಕ್ಯಾನ್ ಬೇಕೇ ಬೇಕಿತ್ತು. ಮೊದಲು ಬೇರೊಂದು ಸಂಗ್ರಹದ ಚಿತ್ರವನ್ನು ತಂದು ಹಾಕಿದೆ. ಅದೂ 24 × 24ರ ಚೌಕಟ್ಟಿನದೇ, ಆದರೆ ಅದರ ರೇಖೆಯ ದಪ್ಪ 1.5, ಲೂಸಿಡ್‌ನದು 2. ಪಕ್ಕದ ಐಕಾನ್‌ಗಳ ನಡುವೆ ಅದೊಂದೇ ಸೊರಗಿದಂತೆ ಕಂಡಿತು. `stroke-width` ಅನ್ನು 2 ಮಾಡಿದರೆ ಮುಗಿಯಿತು ಎಂದುಕೊಂಡೆ. ರೇಖೆ ದಪ್ಪವಾಯಿತು, ಆದರೆ ಹಿಡಿಕೆಯ ಒಳಗಿನ ಸಂದು ಕಟ್ಟಿಕೊಂಡಿತು. ರೇಖೆ ತನ್ನ ನಡುಗೆರೆಯ ಎರಡೂ ಕಡೆಗೆ ಉಬ್ಬುತ್ತದೆ. ಎರಡು ನಡುಗೆರೆಗಳ ನಡುವೆ 3 ಅಂತರವಿದ್ದರೆ 1.5ರ ರೇಖೆಯಲ್ಲಿ 1.5 ಸಂದು ಉಳಿಯುತ್ತದೆ. ದಪ್ಪ 2 ಆದಾಗ ಉಳಿಯುವುದು 1 ಮಾತ್ರ. ಹಾಗಾಗಿ ದಪ್ಪ ಬದಲಾಯಿಸಿದ ಮೇಲೆ ಆಕಾರವನ್ನೂ ಮತ್ತೆ ಬರೆಯಲೇಬೇಕಾಗುತ್ತದೆ.

ಚಿತ್ರವನ್ನು ಹಿಗ್ಗಿಸಿ ಕೂರಿಸುವುದೂ ಇದೇ ರೀತಿಯ ಎಡವಟ್ಟು. 20ರ ಚೌಕಟ್ಟಿನದನ್ನು 24ಕ್ಕೆ ಎಳೆದರೆ 1.5ರ ರೇಖೆ 1.8 ಆಗುತ್ತದೆ, 2ರ ಮೂಲೆ 2.4 ಆಗುತ್ತದೆ, ಎರಡೂ ಯಾವುದಕ್ಕೂ ಸೇರುವುದಿಲ್ಲ. ಕೆಲವು ಫೈಲ್‌ಗಳಲ್ಲಿ ರೇಖೆಯೇ ಇರುವುದಿಲ್ಲ, ರೇಖೆಯ ಅಂಚನ್ನು ಸುತ್ತಿ ಬಣ್ಣ ತುಂಬಿದ ಆಕಾರವಿರುತ್ತದೆ. `stroke-width` ಬದಲಿಸಿದರೂ ಏನೂ ಆಗದಿದ್ದರೆ ಫೈಲನ್ನು ತೆರೆದು ನೋಡಿ. `stroke` ಇಲ್ಲದೆ ಬರೀ `fill` ಇದ್ದರೆ ಆ ಚಿತ್ರವನ್ನು ಬಿಟ್ಟು ಹೊಸದಾಗಿ ಬರೆಯುವುದೇ ಒಳ್ಳೆಯದು.

ನಾನೂ ಕೊನೆಗೆ ಅದನ್ನೇ ಮಾಡಿದೆ. ಲೂಸಿಡ್‌ನ ವಿನ್ಯಾಸ ನಿಯಮಗಳು ಚಿಕ್ಕವು, ಆದರೆ ಅಳತೆ ಸಹಿತ ಬರೆದಿಟ್ಟವು, ಅದಕ್ಕೇ ನನಗೆ ಈ ಸಂಗ್ರಹದ ಮೇಲೆ ಗೌರವ. ಸುತ್ತ ಕನಿಷ್ಠ 1 ಅಂಚು ಬಿಡಬೇಕು. ರೇಖೆಯ ತುದಿ, ಕೂಡು ಎರಡೂ ದುಂಡಾಗಿರಬೇಕು. ಬೇರೆ ಬೇರೆ ಭಾಗಗಳ ನಡುವೆ 2 ಸಂದು ಇರಬೇಕು. 8 ಅಥವಾ ಅದಕ್ಕಿಂತ ದೊಡ್ಡ ಆಕಾರಕ್ಕೆ ಮೂಲೆಯ ತ್ರಿಜ್ಯ 2, ಅದಕ್ಕಿಂತ ಚಿಕ್ಕದಕ್ಕೆ 1. ಈ ಕೊನೆಯ ನಿಯಮ ಮೊದಲು ವಿಚಿತ್ರವೆನಿಸಿತ್ತು. ಹಿಡಿಕೆ ಬರೆಯುವಾಗ ಅರ್ಥವಾಯಿತು: ನಾಲ್ಕರ ಎತ್ತರದ ಹಿಡಿಕೆಗೆ 2ರ ಮೂಲೆ ಕೊಟ್ಟರೆ ಅದು ಅರ್ಧ ವೃತ್ತವಾಗಿ, ಟೀ ಕಪ್ಪಿನ ಕಿವಿಯಂತೆ ಕಾಣುತ್ತದೆ. 1 ಕೊಟ್ಟರೆ ತಗಡಿನ ಹಿಡಿಕೆಯಾಗಿಯೇ ಉಳಿಯುತ್ತದೆ.

ಹಿಡಿಕೆಯ ಹೊರಗೆರೆಯನ್ನು ಮೊದಲು ಎಡದಿಂದ 3ರಲ್ಲಿ ಇಟ್ಟಿದ್ದೆ. ಕ್ಯಾನಿನ ಮೈ 6ರಲ್ಲಿದೆ, ನಡುವೆ ಉಳಿದ ಸಂದು 1. ಅಗ್ಗದ ಫೋನಿನ ಪರದೆಯಲ್ಲಿ ಅದು ಕಪ್ಪು ಚುಕ್ಕೆಯಾಯಿತು. ಗೆರೆಯನ್ನು 2ಕ್ಕೆ ಸರಿಸಿದೆ. ಸಂದು 2 ಆಯಿತು, ಹೊರಗಿನ ಅಂಚೂ ಸರಿಯಾಗಿ 1 ಉಳಿಯಿತು. ಈಗ ಬಳಕೆಯಲ್ಲಿರುವುದು ಇದು:

```
<path d="M8 2h8"/>
<path d="M9 2v3l-2.4 3.2A3 3 0 0 0 6 10v8a2 2 0 0 0 2 2h8a2 2 0 0 0 2-2v-8a3 3 0 0 0-.6-1.8L15 5V2"/>
<path d="M6 11H3a1 1 0 0 0-1 1v2a1 1 0 0 0 1 1h3"/>
<path d="M18 11h3a1 1 0 0 1 1 1v2a1 1 0 0 1-1 1h-3"/>
```

ಈ ಚಿತ್ರ ಮೇಲಿನಿಂದ ಕೆಳಗೆ 2ರಿಂದ 20ರವರೆಗೆ ಇದೆ, ಅಂದರೆ ಲೆಕ್ಕದ ಪ್ರಕಾರ ಚೌಕಟ್ಟಿನ ನಡುವಿಗಿಂತ 1 ಮೇಲಿದೆ. ಬೇಕೆಂದೇ ಹಾಗೆ ಮಾಡಿದ್ದೇನೆ. ಕ್ಯಾನಿನ ಕತ್ತು ಸಣ್ಣದು, ಭಾರವೆಲ್ಲ ಹೊಟ್ಟೆಯಲ್ಲಿ. ಲೆಕ್ಕದ ನಡುವಿನಲ್ಲಿಟ್ಟರೆ ಕಣ್ಣಿಗೆ ಕೆಳಗೆ ಕುಸಿದಂತೆ ಕಾಣುತ್ತಿತ್ತು. ಅರ್ಧ ಸರಿಸಿದರೆ ಸಾಕಿತ್ತೇನೋ, ಆದರೆ ಆಗ ಅಡ್ಡಗೆರೆಗಳು ಎರಡು ಸಾಲು ಪಿಕ್ಸೆಲ್‌ಗಳ ನಡುವೆ ಸಿಕ್ಕಿ, ಕಡಿಮೆ ಸಾಂದ್ರತೆಯ ಪರದೆಯಲ್ಲಿ ಮಸುಕಾಗುತ್ತವೆ. ಆದ್ದರಿಂದ ಪೂರ್ತಿ 1.

ಕಣ್ಣಳತೆಯ ಈ ಲೆಕ್ಕ ಸಂಗ್ರಹದ ಒಳಗೂ ಇದೆ. ಲೂಸಿಡ್‌ನ ವೃತ್ತದ ವ್ಯಾಸ 20, ಚೌಕದ ಬದಿ 18. ಎರಡನ್ನೂ 20 ಮಾಡಿದ್ದರೆ ಚೌಕ ದೊಡ್ಡದಾಗಿ ಕಾಣುತ್ತಿತ್ತು. ವಿಸ್ತೀರ್ಣ ಲೆಕ್ಕ ಹಾಕಿ ನೋಡಿದೆ: ವೃತ್ತದ್ದು ಸುಮಾರು 314, ಚೌಕದ್ದು 324. ಹೊಸ ಚಿತ್ರ ಬರೆದಾಗಲೆಲ್ಲ ಈ ಎರಡರ ನಡುವೆ ಅದನ್ನಿಟ್ಟು, ಫೋನನ್ನು ಕೈಯುದ್ದಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತೇನೆ. ಆಕಾರಗಳು ಮಸುಕಾದಾಗ ಯಾವುದು ಹೆಚ್ಚು ಕಪ್ಪಾಗಿ ಉಳಿಯುತ್ತದೆಯೋ ಅದರಲ್ಲಿ ದೋಷವಿದೆ.

ಒಮ್ಮೆ ಈ ತಿದ್ದುಪಡಿ ನನಗೇ ತಿರುಗಿಬಿತ್ತು. ತರಬೇತಿ ವಿಡಿಯೊಗಳಿಗೆ ಪ್ಲೇ ತ್ರಿಕೋನ ಬಳಸಿದ್ದೆ. ಫೆದರ್‌ನಿಂದ ಬಂದ ತ್ರಿಕೋನ 5ರಿಂದ 19ರವರೆಗೆ ಇತ್ತು, ಲೆಕ್ಕಕ್ಕೆ ಸರಿಯಾಗಿ ನಡುವಿನಲ್ಲಿ. ಆದರೆ ತ್ರಿಕೋನದ ಭಾರದ ಕೇಂದ್ರ 9.67ರಲ್ಲಿ ಬೀಳುವುದರಿಂದ ಗುಂಡಗಿನ ಬಟನ್ ಒಳಗೆ ಅದು ಎಡಕ್ಕೆ ವಾಲಿದಂತೆ ಕಾಣುತ್ತಿತ್ತು. ನಾನು ಸಿಎಸ್ಎಸ್‌ನಲ್ಲಿ 1 ಪಿಕ್ಸೆಲ್ ಬಲಕ್ಕೆ ತಳ್ಳಿದ್ದೆ. ಮುಂದೆ ಲೂಸಿಡ್ ತಾನೇ ಅದನ್ನು 6ರಿಂದ 20ಕ್ಕೆ ಸರಿಸಿತು, ಸರಿಯಾದ ಕೆಲಸ. ಆವೃತ್ತಿ ಏರಿಸಿದಾಗ ನನ್ನ ತಳ್ಳುವಿಕೆಯೂ ಅದಕ್ಕೆ ಸೇರಿ ತ್ರಿಕೋನ ಬಲಕ್ಕೆ ಜಾರಿತು. ಅಂದಿನಿಂದ `package.json`ನಲ್ಲಿ ಆವೃತ್ತಿಯನ್ನು ಬಿಗಿಯಾಗಿ ಕಟ್ಟಿದ್ದೇನೆ, ಏರಿಸುವ ಮೊದಲು ಮತ್ತು ನಂತರ ಎಲ್ಲ ಐಕಾನ್‌ಗಳ ಒಂದು ಪುಟವನ್ನು ಚಿತ್ರ ತೆಗೆದು ಹೋಲಿಸುತ್ತೇನೆ.

ಗಾತ್ರದ ವಿಷಯದಲ್ಲಿ ಎಚ್ಚರ ಬೇಕು. ಐಕಾನನ್ನು 32ಕ್ಕೆ ದೊಡ್ಡದು ಮಾಡಿದರೆ ರೇಖೆ 2.67 ಆಗುತ್ತದೆ, `absoluteStrokeWidth` ಕೊಟ್ಟರೆ 2ರಲ್ಲೇ ನಿಲ್ಲುತ್ತದೆ, ಸೊಗಸಾಗಿದೆ. ಅದನ್ನೇ 16ರ ಗಾತ್ರದ ಪಟ್ಟಿಗೂ ಕೊಟ್ಟಾಗ ಕ್ಯಾನಿನ ಹಿಡಿಕೆ ಮತ್ತೆ ಮುಚ್ಚಿಹೋಯಿತು. 16ರಲ್ಲಿ 2 ಪಿಕ್ಸೆಲ್ ಎಂದರೆ ಮೂಲ ಚೌಕಟ್ಟಿನಲ್ಲಿ 3; ಎರಡಿದ್ದ ಸಂದು 1ಕ್ಕೆ ಇಳಿದು, ಪರದೆಯ ಮೇಲೆ ಮುಕ್ಕಾಲು ಪಿಕ್ಸೆಲ್ಲೂ ಇರುವುದಿಲ್ಲ. ಈಗ ಪಟ್ಟಿಯಲ್ಲಿ ಹಿಡಿಕೆ ಇಲ್ಲದ ಕ್ಯಾನ್ ಬಳಸುತ್ತೇನೆ.

ಕೊರತೆಯೆಂದರೆ, ಆಯ್ಕೆಯಾದ ಟ್ಯಾಬ್‌ಗೆ ಬೇಕಾದ ಬಣ್ಣ ತುಂಬಿದ ಜೋಡಿ ರೂಪಗಳು ಇದರಲ್ಲಿ ಬರುವುದಿಲ್ಲ. `fill="currentColor"` ಕೊಟ್ಟರೆ ಹಿಡಿಕೆ, ಹೊಟ್ಟೆ ಎಲ್ಲ ಒಂದೇ ಮುದ್ದೆಯಾಗುತ್ತದೆ. ಅದು ಮುಖ್ಯವಾದವರು ತುಂಬಿದ ರೂಪವನ್ನೂ ಕೊಡುವ ಸಂಗ್ರಹ ಆರಿಸಿಕೊಳ್ಳಲಿ. ನಾನು ಆಯ್ಕೆಯಾದ ಐಕಾನ್‌ನ ಬಣ್ಣ ಬದಲಿಸಿ, ಕೆಳಗೆ ದಪ್ಪ ಗೆರೆಯೊಂದನ್ನು ಎಳೆದಿದ್ದೇನೆ. ಸಂಘದ ಕಾರ್ಯದರ್ಶಿಗಳಿಗೆ ಅಷ್ಟು ಸಾಕಾಗಿದೆ.