ದಪ್ಪ ಚಪ್ಪಡಿಯ ನಡುವಿನ ತಾಪ: ಚಾರ್ಟೋ, ಒಂದೇ ಪದದ ಸೂತ್ರವೋ?

20°C ಚಪ್ಪಡಿಯನ್ನು 500°C ಗಾಳಿಯಲ್ಲಿಟ್ಟಿದ್ದೀರಿ, ಎರಡೂ ಬದಿ ಕಾಯುತ್ತಿದೆ. ಅರ್ಧ ದಪ್ಪದ ಲೆಕ್ಕದಲ್ಲಿ, ಮೇಲ್ಮೈಯ ಶಾಖ ವರ್ಗಾವಣೆಯನ್ನು ಒಳಗಿನ ವಹನಕ್ಕೆ ಹೋಲಿಸುವ ಬಯೋ ಸಂಖ್ಯೆ Bi = 1, ಕಾಲವನ್ನು ಆಯಾಮವಿಲ್ಲದೆ ಅಳೆಯುವ ಫೂರಿಯೇ ಸಂಖ್ಯೆ Fo = 1 ಎನ್ನೋಣ.

ಬೇಗ ಅಂದಾಜು ಬೇಕೆಂದರೆ ಹೈಸ್ಲರ್ ಚಾರ್ಟ್ ಸಾಕು. ಆದರೆ ಲಾಗ್ ಅಳತೆಯಲ್ಲಿ ಕಣ್ಣು ಜಾರುತ್ತದೆ. ಗಾಳಿಗೂ ನಡುವಿಗೂ ಈಗ ಉಳಿದಿರುವ ತಾಪದ ಅಂತರ ಮೊದಲಿನ ಅಂತರದ ಎಷ್ಟು ಪಾಲು ಎಂಬುದೇ θ. ಅದನ್ನು 0.50 ಓದಿದರೆ ನಡುವೆ 260°C, 0.55 ಓದಿದರೆ 236°C. ಜಾಸ್ತಿ ಆಯ್ತು, ಅಲ್ವಾ?

ಪೂರ್ಣ ಉತ್ತರದ ಸರಣಿಯಲ್ಲಿ ಮೊದಲ ಪದವನ್ನಷ್ಟೇ ಇಟ್ಟುಕೊಳ್ಳುವ ಸೂತ್ರದಲ್ಲಿ ζ tan ζ = Bi ಬಿಡಿಸಿದರೆ ζ = 0.8603, C = 1.1191.

```
θ = C·exp(−ζ²·Fo) = 0.534
```

ಅಂದರೆ 244°C. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿರಲಿ, ನಾನೇ ಒಮ್ಮೆ ಡಿಗ್ರಿಯಲ್ಲಿಟ್ಟು ಒದ್ದಾಡಿದ್ದೇನೆ. ಎಷ್ಟು ಹೊತ್ತು ಕಾಯಿಸಬೇಕು ಎಂಬ ಪ್ರಶ್ನೆಗೂ ಸೂತ್ರವೇ ಸಲೀಸು, ಲಾಗ್ ತೆಗೆದರಾಯಿತು. ಉತ್ತರ ಸರಿಯೇ ಎಂದು ನೋಡಲು ಮಾತ್ರ ನಾನು ಚಾರ್ಟ್ ತೆರೆಯುತ್ತೇನೆ.

Fo 0.2ಕ್ಕಿಂತ ಕಡಿಮೆ ಇದ್ದರೆ ಎರಡೂ ಕೈಕೊಡುತ್ತವೆ. ಚಾರ್ಟ್ ಹುಟ್ಟಿದ್ದೂ ಅದೇ ಮೊದಲ ಪದದಿಂದ. ಆಗ ಸರಣಿಯ ಇನ್ನಷ್ಟು ಪದ ಸೇರಿಸಿ.